ವಿಷಯ: ಬುಧವಾರದ ಡೆಮೊ ಕೆಟ್ಟಿದ್ದು ಫ್ಲೋಟಿಂಗ್ ಪಿನ್‌ನಿಂದ, ಇನ್ನೊಮ್ಮೆ ನೋಡಬೇಕೆಂದು ಮನವಿ (ಬಿ2 ಬ್ಯಾಚ್, 7ನೇ ಬೆಂಚ್)

ಮೇಡಂ, ನಮಸ್ಕಾರ.

ನಾನು 5ನೇ ಸೆಮಿಸ್ಟರ್ ಇ ಅಂಡ್ ಸಿ, ಬಿ2 ಬ್ಯಾಚ್‌ನ ಕಾವ್ಯ. ನವೆಂಬರ್ 12, ಬುಧವಾರ ಮಧ್ಯಾಹ್ನ ಮೈಕ್ರೋಕಂಟ್ರೋಲರ್ ಲ್ಯಾಬ್‌ನಲ್ಲಿ ನಾನು ಮತ್ತು ಸಹನಾ ಡಬ್ಬಿ ಎಣಿಸುವ ಬೆಲ್ಟ್ ತೋರಿಸಿದೆವು. ಅದು ಕೆಲಸ ಮಾಡಲಿಲ್ಲ. ಯಾಕೆ ಅಂತ ಅವತ್ತು ನೀವು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಪ್ರೋಗ್ರಾಂ ಸರಿಯಾಗಿತ್ತು. ಹಿಂದಿನ ರಾತ್ರಿ ನಾನು ಕಿತ್ತು ತೆಗೆದ ಒಂದು ಕಪ್ಪು ವೈರಿನಿಂದ ಪಿನ್ 2 ಫ್ಲೋಟ್ ಆಗುತ್ತಿತ್ತು. ಅದನ್ನು ಪೂರ್ತಿ ಹೇಳಿ, ನಮ್ಮ ಡೆಮೊ ಇನ್ನೊಂದು ಸಲ ನೋಡುತ್ತೀರಾ ಎಂದು ಕೇಳಲು ಈ ಮೇಲ್ ಬರೆಯುತ್ತಿದ್ದೇನೆ.

ಅವತ್ತು ನೀವು ಒಂದೇ ಮಧ್ಯಾಹ್ನ ಹನ್ನೆರಡು ಬೆಂಚ್ ನೋಡಿದ್ದೀರಿ. ಹಾಗಾಗಿ ನಮ್ಮದನ್ನು ನೆನಪಿಸುತ್ತೇನೆ. ಬೆಲ್ಟ್ ಮೇಲೆ ಬರುವ ಪ್ರತಿ ಡಬ್ಬಿ ಲಿಮಿಟ್ ಸ್ವಿಚ್ಚನ್ನು ಒತ್ತುತ್ತದೆ. ಆರ್ಡುಯಿನೊ ಊನೊ ಅದನ್ನು ಎಣಿಸಿ ಎಲ್‌ಸಿಡಿ ಮೇಲೆ ತೋರಿಸುತ್ತದೆ. ಎಣಿಕೆ 12 ಆದಾಗ ರಿಲೇ ಮೋಟರನ್ನು ನಿಲ್ಲಿಸಿ ಬಜರ್ ಬಾರಿಸುತ್ತದೆ. ಸಹನಾಳ ಮಾವನ ಊದುಬತ್ತಿ ಪ್ಯಾಕಿಂಗ್‌ನಲ್ಲಿ ಡಜನ್ ಲೆಕ್ಕವನ್ನು ಇವತ್ತಿಗೂ ಕೈಯಲ್ಲೇ ಎಣಿಸುತ್ತಾರೆ. ನಮಗೆ ಈ ಯೋಚನೆ ಬಂದಿದ್ದು ಅಲ್ಲಿಂದಲೇ.

ಡೆಮೊದಲ್ಲಿ ಆಗಿದ್ದು ಇಷ್ಟು. ಸ್ಟಾರ್ಟ್ ಒತ್ತಿದ ಕೂಡಲೇ, ಬೆಲ್ಟ್ ಮೇಲೆ ಒಂದು ಡಬ್ಬಿಯೂ ಇಲ್ಲದಿದ್ದಾಗಲೇ, ಎಣಿಕೆ ಸರಸರ ಏರಿ 12 ಮುಟ್ಟಿತು. ಮೋಟರ್ ಒಂದು ಸೆಕೆಂಡಿನೊಳಗೆ ನಿಂತಿತು. ರೀಸೆಟ್ ಮಾಡಿದೆವು, ಮತ್ತೆ ಅದೇ. ಮೂರು ಸಲ ಹಾಗೇ ಆಯಿತು. ಡಿಬೌನ್ಸ್ ಹಾಕಿದ್ದೀರಾ ಅಂತ ನೀವು ಕೇಳಿದಿರಿ. ಹಾಕಿದ್ದೇವೆ, 30 ಮಿಲಿಸೆಕೆಂಡ್ ಎಂದೆ. ನೀವು ಮಲ್ಟಿಮೀಟರ್ ತಂದು ಪಿನ್ 2ಕ್ಕೂ ಗ್ರೌಂಡಿಗೂ ಹಿಡಿದಿರಿ. ಸೊನ್ನೆಯ ಹತ್ತಿರ ತೋರಿಸಿತು. ಪಿನ್ ಲೋ ಇದೆ, ವೈರಿಂಗ್ ಸರಿ ಇದೆ, ಹಾಗಾದರೆ ತಪ್ಪು ಪ್ರೋಗ್ರಾಂನಲ್ಲೇ ಇರಬೇಕು ಎಂದಿರಿ. ಆ ಹೊತ್ತಿಗೆ ಕಣ್ಣ ಮುಂದೆ ಇದ್ದದ್ದನ್ನು ನೋಡಿದರೆ ಯಾರಾದರೂ ಹಾಗೇ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸಿತು.

ಹಾಸ್ಟೆಲ್‌ಗೆ ಬಂದು ಪ್ರೋಗ್ರಾಂ ಸಾಲು ಸಾಲಾಗಿ ಓದಿದೆ. ಎಣಿಸುವ ಭಾಗ ಇದು:

```
bool now = digitalRead(SW);
if (now != state && millis() - t0 >= 30) {
  state = now;
  t0 = millis();
  if (state == HIGH) count++;
}
```

ಇದರಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಆಮೇಲೆ ಎಣಿಸುವುದನ್ನೆಲ್ಲ ತೆಗೆದು ಒಂದು ಸಣ್ಣ ಸ್ಕೆಚ್ ಬರೆದೆ. ಪಿನ್ 2 ಲೋನಿಂದ ಹೈಗೆ ಹೋದಾಗೆಲ್ಲ, ಹಿಂದಿನ ಸಲದಿಂದ ಎಷ್ಟು ಮೈಕ್ರೋಸೆಕೆಂಡ್ ಆಯಿತು ಅಂತ ಸೀರಿಯಲ್ ಮಾನಿಟರ್‌ನಲ್ಲಿ ಬರೆಯುವುದಷ್ಟೇ ಅದರ ಕೆಲಸ. ಸ್ವಿಚ್ಚನ್ನು ಯಾರೂ ಮುಟ್ಟದೆ ಸಂಖ್ಯೆಗಳು ಸುರಿಯತೊಡಗಿದವು: 19,980, 20,012, 19,996, 20,004. ಎಲ್ಲವೂ 20,000ದ ಆಸುಪಾಸು. 20 ಮಿಲಿಸೆಕೆಂಡ್ ಅಂದರೆ 50 ಹರ್ಟ್ಸ್ ಅಲ್ವಾ ಮೇಡಂ? ಗೋಡೆಯ ಪ್ಲಗ್‌ನಲ್ಲಿರುವ ಕರೆಂಟಿನ ತಾಳ ಅದು. ನಮ್ಮ ಪಿನ್ ಡಬ್ಬಿಗಳನ್ನು ಎಣಿಸುತ್ತಿರಲಿಲ್ಲ, ಮೇನ್ಸ್ ಅಲೆಗಳನ್ನು ಎಣಿಸುತ್ತಿತ್ತು. ಅದನ್ನು ನೋಡಿದಾಗ ರಾತ್ರಿ ಹನ್ನೊಂದೂವರೆ. ಆ ಪರದೆಯನ್ನು ಫೋಟೋ ತೆಗೆದಿಟ್ಟುಕೊಂಡೆ.

ಆದರೆ ಪಿನ್ 2ಕ್ಕೆ ನಾವು 10 ಕಿಲೋಓಮ್ ಪುಲ್‌ಡೌನ್ ರೆಸಿಸ್ಟರ್ ಹಾಕಿದ್ದೆವು. ಬೋರ್ಡ್ ಮೇಲೆ ಅದು ಕಾಣುತ್ತಲೂ ಇತ್ತು. ಹಾಗಿದ್ದರೂ ಪಿನ್ ಹೇಗೆ ತೇಲುತ್ತದೆ? ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಹಾಕಿ ರೆಸಿಸ್ಟರಿನ ಕೆಳಗಿನ ಕಾಲಿನಿಂದ ಆರ್ಡುಯಿನೊ ಗ್ರೌಂಡಿಗೆ ಮುಟ್ಟಿಸಿದೆ. ಬೀಪ್ ಬರಲಿಲ್ಲ.

ನಮ್ಮದು 830 ತೂತಿನ ಉದ್ದದ ಬ್ರೆಡ್‌ಬೋರ್ಡ್. ಅದರ ಅಂಚಿನ ನೀಲಿ ಗೆರೆ ನಡುವಿನಲ್ಲಿ ಒಂದು ಕಡೆ ತುಂಡಾಗಿದೆ. ಅಲ್ಲಿ ಒಳಗಿನ ಪಟ್ಟಿಯೂ ತುಂಡಾಗಿದೆ, ಎಡ ಅರ್ಧವೇ ಬೇರೆ, ಬಲ ಅರ್ಧವೇ ಬೇರೆ. ಎಲ್‌ಸಿಡಿ, ರಿಲೇ, ಬಜರ್ ಎಲ್ಲದರ ಗ್ರೌಂಡ್ ಎಡ ಅರ್ಧದಲ್ಲಿತ್ತು. ಪುಲ್‌ಡೌನ್ ರೆಸಿಸ್ಟರ್ ಒಂದೇ ಬಲ ಅರ್ಧದಲ್ಲಿತ್ತು. ಎರಡನ್ನೂ ಸೇರಿಸಲು ಸಹನಾ ಮೊದಲ ದಿನವೇ ಒಂದು ಗಿಡ್ಡ ಕಪ್ಪು ಜಂಪರ್ ಹಾಕಿದ್ದಳು. ಡೆಮೊದ ಹಿಂದಿನ ರಾತ್ರಿ ನಾನು ವೈರುಗಳನ್ನು ಚೆಂದವಾಗಿ ಜೋಡಿಸುತ್ತಾ ಕೂತಿದ್ದೆ. ಒಂದೇ ಗೆರೆಯ ಎರಡು ತೂತುಗಳ ನಡುವೆ ಈ ವೈರ್ ಯಾಕೆ ಅಂತ ಅದನ್ನು ಕಿತ್ತು ಡಬ್ಬಿಗೆ ಹಾಕಿದೆ. ಸಹನಾ ಅವತ್ತು ಇರಲಿಲ್ಲ. ಅಕ್ಕನ ಮದುವೆ ಮಾತುಕತೆಗೆ ತಿಪಟೂರಿಗೆ ಹೋಗಿದ್ದವಳು ಡೆಮೊ ದಿನ ಬೆಳಗ್ಗೆ ನೇರ ಕಾಲೇಜಿಗೇ ಬಂದಳು. ನಾನು ಅವಳನ್ನು ಕೇಳಲಿಲ್ಲ, ಹೇಳಲೂ ಇಲ್ಲ.

ವೈರ್ ತೆಗೆದ ಮೇಲೆ ಪರೀಕ್ಷೆ ಮಾಡಿದ್ದೆ. ಆದರೆ ಒಂದೇ ಸಲ. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು, ಬೋರ್ಡ್ ಹಾಸಿಗೆ ಮೇಲಿತ್ತು, ಸುತ್ತ ಕರೆಂಟಿನ ವೈರ್ ಯಾವುದೂ ಇರಲಿಲ್ಲ. ಸ್ವಿಚ್ ಒತ್ತಿದೆ, ಸೊನ್ನೆ ಒಂದಾಯಿತು. ಸರಿ ಇದೆ ಅಂದುಕೊಂಡು ಮಲಗಿದೆ. ಇನ್ನೆರಡು ಸಲ ಒತ್ತಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಸ್ವಿಚ್ ಬಿಟ್ಟ ಮೇಲೂ ಪಿನ್ ಕೆಲವೊಮ್ಮೆ ಹೈನಲ್ಲೇ ಉಳಿಯುತ್ತದೆ. ಅದರ ಚಾರ್ಜ್ ಹರಿದು ಹೋಗಲು ದಾರಿಯೇ ಇಲ್ಲವಲ್ಲ.

ಲ್ಯಾಬ್‌ನಲ್ಲಿ ಪರಿಸ್ಥಿತಿ ಬೇರೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿತ್ತು. ಪಕ್ಕದಲ್ಲಿ ಸಿಆರ್‌ಒ, ಪವರ್ ಸಪ್ಲೈ, ಮೇಜಿನ ಕೆಳಗೆ ಎಕ್ಸ್‌ಟೆನ್ಶನ್ ಬೋರ್ಡ್. ಲಿಮಿಟ್ ಸ್ವಿಚ್ಚಿನ ವೈರ್ ಸುಮಾರು 40 ಸೆಂಟಿಮೀಟರ್ ಉದ್ದ, ಸಪ್ಲೈ ಕೇಬಲ್ ಪಕ್ಕದಲ್ಲೇ ಹಾದುಹೋಗಿತ್ತು. ಅದು ಆಂಟೆನಾ ಆಯಿತು. ಎಟಿಮೆಗಾ328ಪಿ ಡೇಟಾಶೀಟ್ ಪ್ರಕಾರ ಇನ್‌ಪುಟ್ ಪಿನ್‌ನ ಲೀಕೇಜ್ ಹೆಚ್ಚೆಂದರೆ 1 ಮೈಕ್ರೋಆಂಪಿಯರ್. 5 ವೋಲ್ಟ್ ಸಪ್ಲೈನಲ್ಲಿ 1.5 ವೋಲ್ಟಿನವರೆಗೆ ಲೋ, 3 ವೋಲ್ಟಿನಿಂದ ಮೇಲೆ ಹೈ. ಯಾವುದಕ್ಕೂ ಕಟ್ಟಿಹಾಕದ ಇಂಥ ಪಿನ್‌ಗೆ ಪಕ್ಕದ ಕೇಬಲ್‌ನಿಂದ ಒಂದೆರಡು ಪಿಕೋಫ್ಯಾರಡ್ ಮೂಲಕ ನುಸುಳುವ ಕರೆಂಟೇ ಸಾಕು, ಆಚೆ ಈಚೆ ಓಲಾಡುತ್ತದೆ.

ಇನ್ನು ಎರಡು ವಿಷಯ ಹೇಳಲೇಬೇಕು. ನಮ್ಮ ಅಂಕ ನಿಂತಿರುವುದು ಅವುಗಳ ಮೇಲೇ.

ಒಂದು, ಡಿಬೌನ್ಸ್. ಸ್ವಿಚ್ ಒತ್ತಿದಾಗ ಆಗುವ ಬೌನ್ಸ್ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಮುಗಿದುಹೋಗುತ್ತದೆ. 30 ಮಿಲಿಸೆಕೆಂಡ್ ಕಾದರೆ ಸಾಕು. ಆದರೆ 50 ಹರ್ಟ್ಸ್ ಅಲೆ ಮುಗಿಯುವುದೇ ಇಲ್ಲ. ಅದು 10 ಮಿಲಿಸೆಕೆಂಡಿಗೊಮ್ಮೆ ಹೈ, ಲೋ ಆಗುತ್ತಲೇ ಇರುತ್ತದೆ. ನಮ್ಮ ಪ್ರೋಗ್ರಾಂ 30 ಮಿಲಿಸೆಕೆಂಡಿಗೆ ಒಂದು ಬದಲಾವಣೆಯನ್ನು ಮಾತ್ರ ಒಪ್ಪುತ್ತದೆ. ಹೈಗೆ ಒಂದು, ಲೋಗೆ ಒಂದು, ಒಟ್ಟು 60 ಮಿಲಿಸೆಕೆಂಡಿಗೆ ಒಂದು ಎಣಿಕೆ. 12 ಎಣಿಕೆಗೆ 720 ಮಿಲಿಸೆಕೆಂಡ್. ಸಹನಾ ಡೆಮೊ ದಿನ ಫೋನಿನಲ್ಲಿ ತೆಗೆದ ವಿಡಿಯೋ ಇದೆ. ಅದರಲ್ಲಿ ಮೋಟರ್ ಓಡಿದ ಸಮಯ ನೋಡಿದೆ, ಸುಮಾರು ಮುಕ್ಕಾಲು ಸೆಕೆಂಡ್. ಅಂದರೆ ಡಿಬೌನ್ಸ್ ಬರೆದ ಹಾಗೇ ನಡೆಯುತ್ತಿತ್ತು. ಅದು ಇಲ್ಲದಿದ್ದರೆ ಇನ್ನೂ ಬೇಗ, ಕಾಲು ಸೆಕೆಂಡಿನಲ್ಲೇ 12 ಆಗುತ್ತಿತ್ತು.

ಎರಡು, ಮಲ್ಟಿಮೀಟರ್. ಅದರ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್. ಪ್ರೋಬ್ ಮುಟ್ಟಿಸಿದ ಕೂಡಲೇ ಮೀಟರೇ ಒಂದು ಪುಲ್‌ಡೌನ್ ಆಗಿಬಿಡುತ್ತದೆ. ತೇಲುತ್ತಿದ್ದ ಪಿನ್ ಕೆಳಗೆ ಕೂರುತ್ತದೆ, ಸೊನ್ನೆ ತೋರಿಸುತ್ತದೆ. ನೀವು ಅಳೆದಾಗ ಎಣಿಕೆ ಆಗಲೇ 12ಕ್ಕೆ ನಿಂತಿತ್ತು, ಹಾಗಾಗಿ ಈ ವ್ಯತ್ಯಾಸ ನಮಗೆ ಯಾರಿಗೂ ಕಾಣಲಿಲ್ಲ. ಗುರುವಾರ ಪ್ರೋಬ್ ಹಿಡಿದುಕೊಂಡೇ ರೀಸೆಟ್ ಮಾಡಿ ನೋಡಿದೆ. ಎಣಿಕೆ ಸೊನ್ನೆಯಲ್ಲೇ ಇತ್ತು. ಪ್ರೋಬ್ ತೆಗೆದೆ, ಓಡತೊಡಗಿತು. ಐದು ಸಲ ಮಾಡಿದೆ, ಐದು ಸಲವೂ ಹಾಗೇ.

ಕಪ್ಪು ಜಂಪರನ್ನು ಮತ್ತೆ ಹಾಕಿದ ಮೇಲೆ, ಅದೇ ಪ್ರೋಗ್ರಾಂ, ಚಾರ್ಜರ್ ಹಾಕಿಕೊಂಡೇ, 120 ಡಬ್ಬಿ ಓಡಿಸಿದೆವು. ಹತ್ತು ಸಲವೂ ಸರಿಯಾಗಿ ಹನ್ನೆರಡಕ್ಕೇ ನಿಂತಿತು. ಪ್ರೋಗ್ರಾಂನ ಒಂದು ಅಕ್ಷರವನ್ನೂ ಬದಲಿಸಿಲ್ಲ. ನವೆಂಬರ್ 10ರಂದು ರೆಕಾರ್ಡ್ ಜೊತೆ ನಿಮಗೆ ಕೊಟ್ಟ ಫೈಲೇ ಅದು.

ಈಗ ಅಂಕದ ಮಾತು. ನಮಗೆ 25ಕ್ಕೆ 9 ಬಂದಿದೆ: ವೈರಿಂಗ್‌ಗೆ 5ಕ್ಕೆ 4, ಪ್ರೋಗ್ರಾಂಗೆ 8ಕ್ಕೆ 2, ಔಟ್‌ಪುಟ್‌ಗೆ 7ಕ್ಕೆ 0, ವೈವಾಗೆ 5ಕ್ಕೆ 3. ವೈರಿಂಗ್‌ಗೆ ಕೊಟ್ಟ 4 ನಮಗೆ ಸಲ್ಲುವುದಿಲ್ಲ ಮೇಡಂ. ತಪ್ಪು ಅಲ್ಲೇ ಇತ್ತು, ಅಲ್ಲಿ ಕಡಿಮೆ ಮಾಡಿ. ಆದರೆ ಪ್ರೋಗ್ರಾಂನ ಅಂಕವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಔಟ್‌ಪುಟ್ ಅವತ್ತು ಬರಲಿಲ್ಲ ಅನ್ನುವುದು ನಿಜ. ಮರು ಡೆಮೊಗೆ ಪೂರ್ತಿ ಅಂಕ ಕೊಡುವುದು ಬೇರೆ ಬೆಂಚಿನವರಿಗೆ ಅನ್ಯಾಯ ಅನ್ನಿಸಿದರೆ ಎಷ್ಟು ಸರಿ ಕಾಣುತ್ತದೋ ಅಷ್ಟು ಕೊಡಿ, ಒಪ್ಪುತ್ತೇನೆ.

ಸಹನಾಳ ಬಗ್ಗೆ ಬೇರೆಯಾಗಿ ಕೇಳಿಕೊಳ್ಳುತ್ತೇನೆ. ಆ ವೈರ್ ಹಾಕಿದ್ದು ಅವಳು, ತೆಗೆದದ್ದು ನಾನು. ಎಣಿಸುವ ಪ್ರೋಗ್ರಾಂನ ಹೆಚ್ಚಿನ ಭಾಗ ಅವಳೇ ಬರೆದದ್ದು. ನನ್ನ ಕೈತಪ್ಪಿಗೆ ಅವಳ ಅಂಕ ಹೋಗುವುದು ನನಗೆ ತಡೆಯಲಾಗುತ್ತಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮರುಮೌಲ್ಯಮಾಪನ ಸಾಧ್ಯ ಅಂತಾದರೆ ಅದು ಅವಳಿಗಿರಲಿ.

ಇಂಟರ್ನಲ್ ಅಂಕ 22ರಂದು ಕಳಿಸುತ್ತೇವೆ ಎಂದು ಹೇಳಿದ್ದಿರಿ. 17, ಸೋಮವಾರ ಮಧ್ಯಾಹ್ನ 2 ಗಂಟೆಗೆ, ಅಥವಾ 18, ಮಂಗಳವಾರ ಸಂಜೆ 4.15ಕ್ಕೆ ಲ್ಯಾಬ್ ಮುಗಿದ ಮೇಲೆ ನಾವಿಬ್ಬರೂ ಬರಬಹುದು. ಅದೇ 7ನೇ ಬೆಂಚಿನಲ್ಲಿ, ಅದೇ ಚಾರ್ಜರ್ ಹಾಕಿ ತೋರಿಸುತ್ತೇವೆ. ಮೊದಲು ಜಂಪರ್ ಇಲ್ಲದೆ, ಆಮೇಲೆ ಜಂಪರ್ ಹಾಕಿ. ಹದಿನೈದು ನಿಮಿಷ ಸಾಕು. `INPUT_PULLUP` ಬಳಸಿ, ಸ್ವಿಚ್ಚನ್ನು ಗ್ರೌಂಡ್ ಕಡೆಗೆ ತಿರುಗಿಸಿದ ಇನ್ನೊಂದು ಆವೃತ್ತಿಯನ್ನೂ ಮಾಡಿಟ್ಟಿದ್ದೇನೆ. ಚಿಪ್ ಒಳಗಿನ 20ರಿಂದ 50 ಕಿಲೋಓಮ್ ರೆಸಿಸ್ಟರೇ ಪಿನ್ನನ್ನು ಹಿಡಿದಿಡುವುದರಿಂದ ಅದಕ್ಕೆ ಹೊರಗಿನ ರೆಸಿಸ್ಟರೂ ಬೇಡ, ಆ ಜಂಪರೂ ಬೇಡ. ಅಂಕಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಸಮಯ ಇದ್ದರೆ ನೀವು ನೋಡಬೇಕೆಂದು ನನಗೆ ಆಸೆ.

ಸೀರಿಯಲ್ ಮಾನಿಟರಿನ ಫೋಟೋ, ಬ್ರೆಡ್‌ಬೋರ್ಡಿನ ಫೋಟೋ, ಡೆಮೊ ದಿನದ ವಿಡಿಯೋ ಮತ್ತು ಪ್ರೋಬ್ ಹಿಡಿದು ಬಿಟ್ಟು ತೋರಿಸಿದ ಎರಡು ನಿಮಿಷದ ವಿಡಿಯೋ ಈ ಮೇಲ್ ಜೊತೆ ಕಳಿಸಿದ್ದೇನೆ. ಈ ಎರಡು ದಿನಗಳಲ್ಲಿ ಯಾವುದು ನಿಮಗೆ ಅನುಕೂಲ ಎಂದು ತಿಳಿಸಿದರೆ ಬೋರ್ಡ್ ತೆಗೆದುಕೊಂಡು ಬರುತ್ತೇವೆ.

ಧನ್ಯವಾದಗಳು ಮೇಡಂ.

ಇಂತಿ,
ಕಾವ್ಯ
5ನೇ ಸೆಮಿಸ್ಟರ್, ಇ ಅಂಡ್ ಸಿ
ಬಿ2 ಬ್ಯಾಚ್, 7ನೇ ಬೆಂಚ್