ಕಾಣೆಯಾದ ಚೆಕ್-ಇನ್ ಬ್ಯಾಗ್: ದೂರು ಮತ್ತು ಪರಿಹಾರದ ಮನವಿ

ದಿನಾಂಕ: 29 ಮಾರ್ಚ್ 2025
ಸ್ಥಳ: ಚಿತ್ರದುರ್ಗ

ಇವರಿಂದ:
ಟಿ. ಮಂಜುನಾಥ
(ಪ್ರಯಾಣಿಕರಾದ ಶ್ರೀಮತಿ ಗೌರಮ್ಮನವರ ಪರವಾಗಿ, ಅವರ ಒಪ್ಪಿಗೆ ಪತ್ರದೊಂದಿಗೆ)
ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ 577501

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವೆ ಮತ್ತು ಬ್ಯಾಗೇಜ್ ಪರಿಹಾರ ವಿಭಾಗ
ವಿಮಾನಯಾನ ಸಂಸ್ಥೆಯ ಭಾರತ ಕಚೇರಿ, ಬೆಂಗಳೂರು

ವಿಷಯ: 5 ಮಾರ್ಚ್ 2025ರ ಫ್ರಾಂಕ್‌ಫರ್ಟ್–ಬೆಂಗಳೂರು ಪ್ರಯಾಣದಲ್ಲಿ ಕಾಣೆಯಾದ ಒಂದು ಚೆಕ್-ಇನ್ ಬ್ಯಾಗ್
ಪಿಎನ್‌ಆರ್: K7MQ2D
ಬೆಂಗಳೂರು ನಿಲ್ದಾಣದ ಪಿಐಆರ್ ಕಡತ: 41736
ಬ್ಯಾಗ್ ಟ್ಯಾಗಿನ ಕೊನೆಯ ಆರು ಅಂಕಿ: 583214

ಮಾನ್ಯರೇ,

ನಮ್ಮ ತಾಯಿ ಶ್ರೀಮತಿ ಗೌರಮ್ಮನವರು ಫ್ರಾಂಕ್‌ಫರ್ಟ್‌ನಲ್ಲಿರುವ ಮಗಳ ಮನೆಯಿಂದ ತಮ್ಮ ಸಂಸ್ಥೆಯ ವಿಮಾನದಲ್ಲಿ, ತಮ್ಮ ಮುಖ್ಯ ನಿಲ್ದಾಣದ ಮೂಲಕ, ಮಾರ್ಚ್ 6ರ ಬೆಳಿಗ್ಗೆ ಬೆಂಗಳೂರಿಗೆ ಬಂದಿಳಿದರು. ಚೆಕ್-ಇನ್ ಮಾಡಿದ್ದು ಎರಡು ಬ್ಯಾಗ್, ಕೈಗೆ ಸಿಕ್ಕಿದ್ದು ಒಂದು. ಇಂದಿಗೆ 23 ದಿನ ಕಳೆದರೂ ಇನ್ನೊಂದರ ಸುಳಿವಿಲ್ಲ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿಕೊಟ್ಟ ಚೀಟಿಯಲ್ಲಿ 2/42 ಎಂದು ಮುದ್ರಿತವಾಗಿದೆ, ಅಂದರೆ ಎರಡು ಬ್ಯಾಗ್, ಒಟ್ಟು 42 ಕೆ.ಜಿ. ಕಾಣೆಯಾದದ್ದು ಅದರಲ್ಲಿ 22 ಕೆ.ಜಿ. ತೂಗಿದ್ದು.

ತಾಯಿಯವರು ನಡೆದದ್ದನ್ನೆಲ್ಲ ಆಯಾ ಹೊತ್ತಿಗೇ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಟ್ಟುಕೊಂಡಿದ್ದರು. ಈ ಪತ್ರಕ್ಕೆ ಅದೇ ಆಧಾರ. ಆ ಪುಟಗಳ ನಕಲನ್ನೂ ಪತ್ರದ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿದ್ದೇನೆ. ಮುಖ್ಯವಾದ ಸಾಲುಗಳು ಅವರ ಮಾತಿನಲ್ಲೇ ಹೀಗಿವೆ:

"5ನೇ ತಾರೀಕು. ಮೊದಲ್ನೇ ವಿಮಾನ 50 ನಿಮಿಷ ಲೇಟು. ಇಳಿದ್ಮೇಲೆ ಮುಂದಿನ ವಿಮಾನಕ್ಕೆ ಒಂದೇ ಗಂಟೆ ಇತ್ತು. ಗೇಟಿಗೆ ಓಡಿದ್ವಿ.
6ನೇ ತಾರೀಕು, ಬೆಳಿಗ್ಗೆ 7-10ಕ್ಕೆ ಬೆಂಗಳೂರು. 8 ಗಂಟೆಗೆ ಬೆಲ್ಟ್ ನಿಂತೋಯ್ತು. ಕೆಂಪು ಬ್ಯಾಗ್ ಬಂತು. ಹಸಿರು ಉಲ್ಲನ್ ಕಟ್ಟಿದ ನೀಲಿದು ಇಲ್ಲ.
8-35. ಕೌಂಟರಿನ ಹುಡುಗಿ ಚಿತ್ರದ ಹಾಳೆ ತೋರಿಸಿದ್ಲು. ಬಟ್ಟೆ ಬ್ಯಾಗು, ಎರಡು ಗಾಲಿ, ನೀಲಿ ಅಂದೆ. ಬರ್ಕೊಂಡ್ಲು. ಓದಿ ಹೇಳ್ಲಿಲ್ಲ."

ಈ ಕೊನೆಯ ಮಾತಿನಲ್ಲೇ ತೊಂದರೆಯ ಮೂಲವಿದೆ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಪಿಐಆರ್ ಪ್ರತಿಯಲ್ಲಿ ಬ್ಯಾಗಿನ ಬಣ್ಣ ಕಪ್ಪು ಎಂದೂ, ಬಗೆ ಗಟ್ಟಿ ಕವಚದ ನಾಲ್ಕು ಗಾಲಿಯ ಸೂಟ್‌ಕೇಸ್ ಎಂದೂ ದಾಖಲಾಗಿದೆ. ನಿಜವಾದ ಬ್ಯಾಗ್ ಕಡುನೀಲಿ, ಮೆತ್ತನೆಯ ಬಟ್ಟೆಯದು, ಎರಡೇ ಗಾಲಿ, 28 ಇಂಚು. ಇದರ ಮೇಲೆ ಹೆಸರಿನ ಗೊಂದಲ ಬೇರೆ. ತಾಯಿಯವರ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಟಿಕೆಟ್ ಮತ್ತು ಬ್ಯಾಗ್ ಟ್ಯಾಗ್ ಎರಡೂ GOWRAMMA ಎಂದಿವೆ. ಆದರೆ ಪಿಐಆರ್‌ನಲ್ಲಿ ಕುಟುಂಬದ ಹೆಸರಿನ ಜಾಗಕ್ಕೆ ನಮ್ಮ ತಂದೆಯವರ ಹೆಸರು THIPPESWAMY ಹೋಗಿ ಕೂತಿದೆ.

ತಾವು ಬಲ್ಲಂತೆ, ವರ್ಲ್ಡ್‌ಟ್ರೇಸರ್ ವ್ಯವಸ್ಥೆ ಒಂದು ಊರಿನಲ್ಲಿ ಸಿಕ್ಕ ವಾರಸುದಾರರಿಲ್ಲದ ಬ್ಯಾಗನ್ನು ಇನ್ನೊಂದು ಊರಿನ ದೂರಿಗೆ ಹೊಂದಿಸುವುದು ಟ್ಯಾಗ್ ಸಂಖ್ಯೆ, ಹೆಸರು, ಬಣ್ಣ, ಬಗೆ ಮತ್ತು ಒಳಗಿನ ವಸ್ತುಗಳ ಮೇಲೆ. ಟ್ಯಾಗ್ ಕಿತ್ತುಹೋದ ಬ್ಯಾಗಿಗೆ ಉಳಿಯುವುದು ಕೊನೆಯ ನಾಲ್ಕೇ ಗುರುತು. ಅದರಲ್ಲಿ ಮೂರು ತಪ್ಪಾಗಿದ್ದರೆ ಎಷ್ಟು ದಿನ ಹುಡುಕಿದರೂ ಬ್ಯಾಗ್ ಸಿಗುವುದು ಕಷ್ಟ. ಮಾರ್ಚ್ 12ರಂದು "ನಿಮ್ಮ ಬ್ಯಾಗ್ ಬಂದಿದೆ, ಬಂದು ಗುರುತಿಸಿ" ಎಂದು ತಮ್ಮ ಕಚೇರಿಯಿಂದ ಕರೆ ಬಂತು. ಚಿತ್ರದುರ್ಗದಿಂದ ಬೆಂಗಳೂರಿಗೇ ಸುಮಾರು 200 ಕಿ.ಮೀ., ನಿಲ್ದಾಣ ಅದರಾಚೆ ದೇವನಹಳ್ಳಿಯ ಕಡೆಗೆ. ಹೋಗಿ ನೋಡಿದರೆ ಅಲ್ಲಿದ್ದದ್ದು ಬೇರೆ ಯಾರದೋ ಕಪ್ಪು ಗಟ್ಟಿ ಸೂಟ್‌ಕೇಸ್. ಪಿಐಆರ್‌ನಲ್ಲಿ ಬರೆದಿದ್ದಕ್ಕೆ ಅದು ಸರಿಯಾಗಿ ಹೊಂದುತ್ತಿತ್ತು! ಅಂದೇ ಕೌಂಟರಿನಲ್ಲಿ ತಿದ್ದುಪಡಿಗೆ ಲಿಖಿತವಾಗಿ ಕೋರಿದ್ದೇವೆ, ಸ್ವೀಕೃತಿಯ ಸಹಿ ಇರುವ ಪ್ರತಿ ನಮ್ಮಲ್ಲಿದೆ. ಆದರೆ ನಿನ್ನೆ ಸಂಜೆ ತಮ್ಮ ಜಾಲತಾಣದಲ್ಲಿ ನೋಡಿದಾಗಲೂ ಕಡತದಲ್ಲಿ ಕಪ್ಪು ಬಣ್ಣವೇ ಇತ್ತು.

ಬ್ಯಾಗನ್ನು ತೆರೆದವರು ಗುರುತಿಸಲು ನೆರವಾಗುವ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇನೆ. ಹಿಡಿಗೆ ಹಸಿರು ಉಲ್ಲನ್ ದಾರವನ್ನು ಜಡೆ ಹೆಣೆದು ಕಟ್ಟಿದೆ. ಮುಂದಿನ ಜೇಬಿನ ಜಿಪ್ಪಿನ ಎಳೆ ಮುರಿದು, ಅದರ ಬದಲಿಗೆ ಸೇಫ್ಟಿ ಪಿನ್ ಹಾಕಿದೆ. ಮುಚ್ಚಳದ ಒಳಬದಿಯಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ನಮ್ಮ ವಿಳಾಸ ಬರೆದ ರಟ್ಟು ಅಂಟಿಸಿದೆ. ಮೇಲುಗಡೆಯೇ ಕಾಣುವುದು ಚಳ್ಳಕೆರೆಯ ಕರಿ ಕಂಬಳಿ, ನಾಲ್ಕು ಮಡಿಕೆ ಹಾಕಿದ್ದು. ಯುರೋಪಿನ ಬ್ಯಾಗುಗಳ ರಾಶಿಯಲ್ಲಿ ಇಂಥದ್ದು ಎರಡನೆಯದು ಇರಲಾರದು, ಹಾಗಾಗಿ ವಸ್ತುಗಳ ಕಾಲಂನಲ್ಲಿ ಮೊದಲಿಗೆ ಇದನ್ನೇ ನಮೂದಿಸುವುದು ಒಳ್ಳೆಯದು. ಮೂರು ಅಂಕಿಯ ಬೀಗದ ಸಂಖ್ಯೆಯನ್ನೂ ಕಸ್ಟಮ್ಸ್ ತಪಾಸಣೆಗೆ ಅಧಿಕಾರ ಪತ್ರವನ್ನೂ ಮಾರ್ಚ್ 6ರಂದೇ ಕೊಟ್ಟಿದ್ದೇವೆ, ಆ ಕಾರಣಕ್ಕೆ ಎಲ್ಲೂ ತಡೆಯಬೇಕಾಗಿಲ್ಲ.

ಐಎಟಿಎದ ನಿರ್ಣಯ 753ರ ಪ್ರಕಾರ ಸದಸ್ಯ ಸಂಸ್ಥೆಗಳು 2018ರ ಜೂನ್‌ನಿಂದ ಪ್ರತಿ ಬ್ಯಾಗನ್ನೂ ನಾಲ್ಕು ಹಂತದಲ್ಲಿ ದಾಖಲಿಸಬೇಕು: ಪ್ರಯಾಣಿಕರಿಂದ ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಮಧ್ಯದ ನಿಲ್ದಾಣದಲ್ಲಿ ವರ್ಗಾವಣೆ ವಿಭಾಗಕ್ಕೆ ತಲುಪಿಸಿದಾಗ, ಮತ್ತು ಪ್ರಯಾಣಿಕರಿಗೆ ಮರಳಿಸಿದಾಗ. ಟ್ಯಾಗ್ 583214 ಕೊನೆಯದಾಗಿ ಯಾವ ಹಂತದಲ್ಲಿ, ಎಷ್ಟು ಹೊತ್ತಿಗೆ ಸ್ಕ್ಯಾನ್ ಆಗಿದೆ ಎಂದು ಇಮೇಲ್‌ನಲ್ಲಿ ಕೇಳಿದ್ದೆವು. ಮಾರ್ಚ್ 9, 15 ಮತ್ತು 21ರಂದು ಬಂದ ಮೂರೂ ಉತ್ತರಗಳಲ್ಲಿ ಒಂದೇ ವಾಕ್ಯವಿದೆ, "ಹುಡುಕಾಟ ಮುಂದುವರಿದಿದೆ" ಎಂದು. ಎಲ್ಲಿ ಹುಡುಕಲಾಗುತ್ತಿದೆ ಎಂಬುದು ಇಲ್ಲ. ಮೊದಲ ವಿಮಾನ ತಡವಾಗಿ, ವರ್ಗಾವಣೆಗೆ ಒಂದೇ ಗಂಟೆ ಉಳಿದಿದ್ದರಿಂದ ಬ್ಯಾಗ್ ತಮ್ಮ ಮುಖ್ಯ ನಿಲ್ದಾಣದಲ್ಲೇ ಹಿಂದುಳಿದಿರಬಹುದು ಎಂಬುದು ನಮ್ಮ ಅಂದಾಜು. ಸ್ಕ್ಯಾನ್ ದಾಖಲೆ ನೋಡಿದರೆ ಅಂದಾಜಿನ ಅಗತ್ಯವೇ ಇರುವುದಿಲ್ಲ.

ಈಗ ಪರಿಹಾರದ ವಿಚಾರ. ಜರ್ಮನಿ ಮತ್ತು ಭಾರತ ಎರಡೂ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ದೇಶಗಳು. ಭಾರತದಲ್ಲಿ ಅದು 1972ರ ವಾಯು ಸಾಗಣೆ ಕಾಯ್ದೆಯ ಮೂರನೇ ಅನುಸೂಚಿಯಾಗಿ ಜಾರಿಯಲ್ಲಿದೆ. ಒಪ್ಪಂದದ 17ನೇ ವಿಧಿಯಂತೆ, ತಲುಪಬೇಕಾಗಿದ್ದ ದಿನದಿಂದ 21 ದಿನ ಕಳೆದರೂ ಬಾರದ ಚೆಕ್-ಇನ್ ಬ್ಯಾಗಿಗೆ ಪ್ರಯಾಣಿಕರು ನಷ್ಟದ ಹಕ್ಕು ಸಾಧಿಸಬಹುದು. ಆ ಅವಧಿ ಮಾರ್ಚ್ 27ಕ್ಕೆ ಮುಗಿದಿದೆ. 22ನೇ ವಿಧಿಯ ಹೊಣೆಯ ಮಿತಿ 28 ಡಿಸೆಂಬರ್ 2024ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಮಾರ್ಚ್ 21ರ ಇಮೇಲ್‌ನ ಕೆಳಗೆ ಹಳೆಯ 1,288ರ ಲೆಕ್ಕ ಕೊಟ್ಟಿದ್ದೀರಿ, ದಯವಿಟ್ಟು ಸರಿಪಡಿಸಿಕೊಳ್ಳಿ. ದೇಶೀಯ ಪ್ರಯಾಣದ 20,000 ರೂಪಾಯಿಯ ಮಿತಿಯೂ ಇಲ್ಲಿಗೆ ಅನ್ವಯಿಸುವುದಿಲ್ಲ. ನಾವು ಕೇಳುತ್ತಿರುವ ಮೊತ್ತ ಮಿತಿಯ ಒಳಗೇ ಇದೆ.

ಬ್ಯಾಗ್ ಮತ್ತು ಒಳಗಿನ ವಸ್ತುಗಳು:

ಸೂಟ್‌ಕೇಸ್ (2023ರಲ್ಲಿ ಕೊಂಡದ್ದು, ಬಳಕೆಯ ಸವೆತ ಕಳೆದು): ರೂ. 3,500
ಮೊಳಕಾಲ್ಮೂರು ರೇಷ್ಮೆ ಸೀರೆ ಎರಡು, ಬಿಲ್ ಸಹಿತ (14,800 + 11,200): ರೂ. 26,000
ಉಣ್ಣೆ ಕೋಟು ಮತ್ತು ಸ್ವೆಟರ್‌ಗಳು, ಬಿಲ್ ಸಹಿತ: ರೂ. 6,900
ಚಳ್ಳಕೆರೆ ಕಂಬಳಿ: ರೂ. 2,800
ಓದುವ ಕನ್ನಡಕ, ಬಿಲ್ ಸಹಿತ: ರೂ. 3,250
ಮಂಡಿಗೆ ಕಟ್ಟುವ ಬೆಲ್ಟ್, ಬಿಲ್ ಸಹಿತ: ರೂ. 2,150
ಫ್ರಾಂಕ್‌ಫರ್ಟ್‌ನಲ್ಲಿ ಕೊಂಡ ಅಡುಗೆ ಸಾಮಾನು ಮತ್ತು ಉಡುಗೊರೆ, ಕಾರ್ಡ್ ರಸೀದಿ ಸಹಿತ: ರೂ. 9,400
ದಿನಬಳಕೆಯ ಬಟ್ಟೆಗಳು: ರೂ. 8,500
ಉಪಮೊತ್ತ: ರೂ. 62,500

ಬ್ಯಾಗ್ ಬಾರದ ಕಾರಣ ಆದ ಖರ್ಚು, ಎಲ್ಲಕ್ಕೂ ರಸೀದಿ ಇದೆ:

ಮತ್ತೆ ಕೊಂಡ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು: ರೂ. 1,940
ತುರ್ತು ಬಟ್ಟೆಬರೆ: ರೂ. 3,420
ಮಾರ್ಚ್ 12ರಂದು ತಮ್ಮ ಕರೆಯ ಮೇರೆಗೆ ಹೋಗಿಬಂದ ಡೀಸೆಲ್, ಟೋಲ್, ಪಾರ್ಕಿಂಗ್: ರೂ. 3,860
ಉಪಮೊತ್ತ: ರೂ. 9,220

ಒಟ್ಟು: ರೂ. 71,720

ಕಂಬಳಿಯನ್ನು ಸಂತೆಯಲ್ಲಿ ಕೊಂಡದ್ದು. ಅಲ್ಲಿ ಬಿಲ್ ಬರೆಯುವ ರೂಢಿ ಇಲ್ಲ. ಅದಕ್ಕೂ ಹಳೆಯ ಬಟ್ಟೆಗಳಿಗೂ ಬದಲಿಗೆ, ಹೊರಡುವ ಮುನ್ನ ಬ್ಯಾಗ್ ತೆರೆದಿಟ್ಟು ಮಗಳು ಮೊಬೈಲ್‌ನಲ್ಲಿ ತೆಗೆದ ಎರಡು ಫೋಟೊ ಲಗತ್ತಿಸಿದ್ದೇನೆ, ತೆಗೆದ ದಿನಾಂಕ ಮತ್ತು ವೇಳೆ ಅದರಲ್ಲೇ ಇದೆ. ಚಿನ್ನ, ನಗದು, ಎಲೆಕ್ಟ್ರಾನಿಕ್ ವಸ್ತು ಯಾವುದೂ ಬ್ಯಾಗಿನಲ್ಲಿ ಇರಲಿಲ್ಲ. ಔಷಧಿ ಕೈಚೀಲದಲ್ಲೇ ಇರಬೇಕೆಂಬ ತಮ್ಮ ಸೂಚನೆಯನ್ನು ತಾಯಿಯವರು ಪಾಲಿಸಿದ್ದರು. ಪ್ರಯಾಣಕ್ಕೆ ಬೇಕಾದ ಮಾತ್ರೆ ಅವರ ಬಳಿಯೇ ಇತ್ತು, ಬ್ಯಾಗಿನಲ್ಲಿದ್ದದ್ದು ಮುಂದಿನ ಎರಡು ತಿಂಗಳ ದಾಸ್ತಾನು.

ಆದ್ದರಿಂದ ವಿನಂತಿಸಿಕೊಳ್ಳುವುದು: ಮೊದಲು ಕಡತ 41736ರಲ್ಲಿ ಹೆಸರು, ಬಣ್ಣ, ಬಗೆ ಮೂರನ್ನೂ ತಿದ್ದಿ, ತಿದ್ದಿದ ಪ್ರತಿಯನ್ನೂ ನಾಲ್ಕು ಹಂತದ ಸ್ಕ್ಯಾನ್ ವಿವರವನ್ನೂ 7 ದಿನದೊಳಗೆ ಕಳಿಸಿಕೊಡಿ. ತಿದ್ದಿದ ಮೇಲೆ ಫ್ರಾಂಕ್‌ಫರ್ಟ್‌ನಲ್ಲೂ ತಮ್ಮ ಮುಖ್ಯ ನಿಲ್ದಾಣದಲ್ಲೂ ಟ್ಯಾಗ್ ಇಲ್ಲದ ಬ್ಯಾಗುಗಳ ದಾಸ್ತಾನನ್ನು ಒಮ್ಮೆ ಕಣ್ಣಾರೆ ನೋಡಿಸಿ. ಬ್ಯಾಗ್ ಸಿಕ್ಕರೆ ತಮ್ಮ ಖರ್ಚಿನಲ್ಲಿ ಚಿತ್ರದುರ್ಗದ ಮನೆಗೇ ತಲುಪಿಸಿ. ಬೆಂಗಳೂರು ನಗರದಾಚೆಗೆ ಡೆಲಿವರಿ ಇಲ್ಲ ಎಂದು ದೂರವಾಣಿಯಲ್ಲಿ ಹೇಳಿದರು, ಅಂಥ ಷರತ್ತು ನಮ್ಮ ಟಿಕೆಟ್ಟಿನಲ್ಲಿ ಎಲ್ಲೂ ಕಾಣಲಿಲ್ಲ. 30 ದಿನದೊಳಗೆ ಸಿಗದಿದ್ದರೆ ರೂ. 71,720ನ್ನು ತಾಯಿಯವರ ಬ್ಯಾಂಕ್ ಖಾತೆಗೆ ಜಮಾ ಮಾಡಿ. ಖಾತೆಯ ವಿವರ ಮಾರ್ಚ್ 10ರಂದು ತುಂಬಿಕೊಟ್ಟ ಕ್ಲೇಮ್ ಫಾರಂನಲ್ಲಿದೆ. ಹಣ ಕೊಟ್ಟ ಮೇಲೆ ಬ್ಯಾಗ್ ಸಿಕ್ಕರೆ ಲೆಕ್ಕ ಹೊಂದಿಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ. ಪ್ರಯಾಣದ ಮುಂದಿನ ಟಿಕೆಟ್ಟಿಗೆ ರಿಯಾಯಿತಿ ಕೂಪನ್ ಮಾತ್ರ ಬೇಡ, ತಾಯಿಯವರಿಗೆ ಸದ್ಯಕ್ಕೆ ಮತ್ತೆ ಹೋಗುವ ಯೋಚನೆಯಿಲ್ಲ.

ಮಾರ್ಚ್ 6ರಂದು ಕೌಂಟರಿನಲ್ಲಿದ್ದ ಸಿಬ್ಬಂದಿ ತಾಯಿಯವರಿಗೆ ಕುರ್ಚಿ, ನೀರು ಕೊಟ್ಟು ಸೌಜನ್ಯದಿಂದ ನಡೆದುಕೊಂಡರು. ದೂರು ಅವರ ಮೇಲಲ್ಲ, ಬರೆದುಕೊಂಡಿದ್ದನ್ನು ಓದಿ ಖಚಿತಪಡಿಸುವ ಕ್ರಮ ಇಲ್ಲದಿರುವುದರ ಮೇಲೆ. ವಿಷಯ ತಮ್ಮ ಮಟ್ಟದಲ್ಲೇ ಬಗೆಹರಿಯಲಿ ಎಂಬುದು ನಮ್ಮ ಇಚ್ಛೆ. ಹೇಳಿದ ಅವಧಿಯಲ್ಲಿ ಉತ್ತರ ಬಾರದಿದ್ದರೆ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸವಿರುವ ಊರಿನಲ್ಲೇ ಅವಕಾಶವಿರುವುದರಿಂದ ಚಿತ್ರದುರ್ಗ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುವುದು ಅನಿವಾರ್ಯವಾಗುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ
(ಸಹಿ) ಟಿ. ಮಂಜುನಾಥ

ಲಗತ್ತುಗಳು: ತಾಯಿಯವರ ಒಪ್ಪಿಗೆ ಪತ್ರ, ಬೋರ್ಡಿಂಗ್ ಪಾಸ್ ಮತ್ತು ಎರಡೂ ಬ್ಯಾಗ್ ಟ್ಯಾಗ್ ಚೀಟಿಗಳು, ಪಿಐಆರ್ ಪ್ರತಿ, ಮಾರ್ಚ್ 12ರ ತಿದ್ದುಪಡಿ ಕೋರಿಕೆಯ ಸ್ವೀಕೃತಿ, ಮೂರು ಇಮೇಲ್ ಉತ್ತರಗಳು, ಬಿಲ್ ಮತ್ತು ರಸೀದಿಗಳು, ಬ್ಯಾಗಿನ ಎರಡು ಫೋಟೊ, ನೋಟ್‌ಬುಕ್ ಪುಟಗಳ ನಕಲು, ಈ ಪತ್ರದ ಇಂಗ್ಲಿಷ್ ಅನುವಾದ. ಮೂಲ ದಾಖಲೆಗಳು ನಮ್ಮಲ್ಲೇ ಇವೆ, ಕೇಳಿದರೆ ತೋರಿಸುತ್ತೇವೆ.