ತೋಳಿಗೆ ಎಂಟು ವಾರ: ಬೈಸೆಪ್ಸ್, ಟ್ರೈಸೆಪ್ಸ್ ರೊಟೀನ್

ನಿಮ್ಮ ಮೂರು ತಿಂಗಳ ಲಾಗ್ ಪೂರ್ತಿ ಓದಿದೆ. ಎರಡು ವರ್ಷದ ಶ್ರಮ ಎದೆ, ಬೆನ್ನು, ಕಾಲುಗಳಲ್ಲಿ ಚೆನ್ನಾಗಿ ಕಾಣುತ್ತಿದೆ. ತೋಳು ಮಾತ್ರ ಹಿಂದೆ ಬಿದ್ದಿದೆ ಅಂತ ಬರೆದಿದ್ದೀರಿ, ಅದು ನಿಜ. ಕಾರಣ ನಿಮ್ಮ ಲಾಗಿನಲ್ಲೇ ಇದೆ. ಬೈಸೆಪ್ಸ್‌ಗೆ ವಾರಕ್ಕೆ ನಾಲ್ಕು ಸೆಟ್, ಟ್ರೈಸೆಪ್ಸ್‌ಗೂ ನಾಲ್ಕೇ. ಅದೂ ವರ್ಕೌಟ್‌ನ ಕೊನೆಯಲ್ಲಿ, ಕೈ ಸೋತ ಮೇಲೆ. ನಿಂತು ಕರ್ಲ್, ನಿಂತು ಪುಷ್‌ಡೌನ್, ಇವೆರಡು ಬಿಟ್ಟರೆ ಬೇರೆ ವ್ಯಾಯಾಮವೇ ಇಲ್ಲ. ಎರಡರಲ್ಲೂ ಸ್ನಾಯು ಚೆನ್ನಾಗಿ ಹಿಗ್ಗಿರುವಾಗ ಅದರ ಮೇಲೆ ಭಾರ ಬೀಳುವುದೇ ಕಡಿಮೆ. ಮುಂದಿನ ಎಂಟು ವಾರ ನಾವು ಬದಲಿಸುವುದು ಇದನ್ನೇ.

ಮೊದಲು ಟ್ರೈಸೆಪ್ಸ್. ತೋಳು ದಪ್ಪ ಕಾಣಬೇಕು ಅಂದರೆ ಎಲ್ಲರೂ ಕರ್ಲ್ ಕಡೆ ಓಡುತ್ತಾರೆ, ಆದರೆ ಎರಡರಲ್ಲಿ ದೊಡ್ಡ ಸ್ನಾಯು ಹಿಂಬದಿಯ ಟ್ರೈಸೆಪ್ಸ್. ಅದಕ್ಕೆ ಮೂರು ತಲೆ, ಅಂದರೆ ಮೂಳೆಗೆ ಅಂಟಿಕೊಳ್ಳುವ ಮೂರು ಕವಲು. ಎರಡು ತಲೆಗಳು ತೋಳಿನ ಮೂಳೆಯಿಂದಲೇ ಶುರುವಾಗುತ್ತವೆ. ಮೂರನೆಯದು, ಉದ್ದನೆಯ ತಲೆ, ಭುಜ ದಾಟಿ ಹೋಗಿ ಹೆಗಲಿನ ಮೂಳೆಗೆ ಅಂಟಿಕೊಂಡಿದೆ. ಹಾಗಾಗಿ ಕೈಯನ್ನು ತಲೆಯ ಮೇಲೆ ಎತ್ತಿ ಮೊಣಕೈ ಮಡಚಿದರೆ ಮಾತ್ರ ಅದು ಪೂರ್ತಿ ಹಿಗ್ಗುತ್ತದೆ. ಪುಷ್‌ಡೌನ್‌ನಲ್ಲಿ ಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ, ಅಲ್ಲಿ ಈ ಹಿಗ್ಗು ಸಿಗುವುದಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 2022ರಲ್ಲಿ ಪ್ರಕಟವಾದ ಒಂದು ಜಪಾನಿ ಅಧ್ಯಯನದಲ್ಲಿ 12 ವಾರ ಒಂದು ಕೈಯಲ್ಲಿ ತಲೆಯ ಮೇಲಿನಿಂದ ಕೇಬಲ್ ಎಕ್ಸ್‌ಟೆನ್ಷನ್, ಇನ್ನೊಂದು ಕೈಯಲ್ಲಿ ಪಕ್ಕದಲ್ಲಿ ಇಟ್ಟು ಅದೇ ಎಕ್ಸ್‌ಟೆನ್ಷನ್ ಮಾಡಿಸಿದರು. ಒಬ್ಬರದೇ ಎರಡು ಕೈ, ಹಾಗಾಗಿ ಊಟ, ನಿದ್ದೆ ಎಲ್ಲ ಒಂದೇ. ತಲೆಯ ಮೇಲೆ ಮಾಡಿದ ಕೈಯಲ್ಲಿ ಟ್ರೈಸೆಪ್ಸ್ ಸುಮಾರು 1.4 ಪಟ್ಟು ಜಾಸ್ತಿ ಬೆಳೆದಿತ್ತು. ಆ ಕೈ ಎತ್ತಿದ ತೂಕ ಕಡಿಮೆಯಿದ್ದರೂ! ಪುಷ್‌ಡೌನ್‌ನಲ್ಲಿ ಎತ್ತುವ ತೂಕ ತಲೆಯ ಮೇಲಿನ ಎಕ್ಸ್‌ಟೆನ್ಷನ್‌ನಲ್ಲಿ ಬರಲಿಲ್ಲ ಅಂತ ಬೇಜಾರಾಗಬೇಡಿ.

ಬೈಸೆಪ್ಸ್‌ಗೆ ಎರಡು ತಲೆ, ಎರಡೂ ಭುಜ ದಾಟುತ್ತವೆ. ಇಲ್ಲಿ ಮೂರು ವ್ಯಾಯಾಮ ಯಾಕೆ ಆರಿಸಿದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇನ್‌ಕ್ಲೈನ್ ಕರ್ಲ್‌ನಲ್ಲಿ ಬೆಂಚಿಗೆ ಒರಗುವುದರಿಂದ ತೋಳು ಮೈಯ ಹಿಂದಕ್ಕೆ ಇಳಿಬೀಳುತ್ತದೆ. ಸ್ನಾಯು ಚೆನ್ನಾಗಿ ಹಿಗ್ಗುತ್ತದೆ. ಆದರೆ ತೀರಾ ಕೆಳಗೆ ಬಂದಾಗ ಡಂಬೆಲ್ ಸುಮ್ನೆ ನೇತಾಡುತ್ತದೆ, ಅಲ್ಲಿ ಭಾರ ಇಲ್ಲವೇ ಇಲ್ಲ ಅನ್ನಬಹುದು. ಪ್ರೀಚರ್ ಕರ್ಲ್ ಇದರ ಉಲ್ಟಾ. ತೋಳು ಓರೆ ಪ್ಯಾಡ್ ಮೇಲೆ ಮುಂದಕ್ಕೆ ಇರುವುದರಿಂದ ಭುಜದ ಕಡೆ ಹಿಗ್ಗು ಕಡಿಮೆ, ಆದರೆ ಮೊಣಕೈ ಹೆಚ್ಚುಕಡಿಮೆ ನೇರ ಇರುವಾಗಲೇ ಭಾರ ಗಟ್ಟಿಯಾಗಿ ಹಿಡಿಯುತ್ತದೆ. ಕೇಬಲ್‌ಗೆ ಬೆನ್ನು ಕೊಟ್ಟು, ತೋಳನ್ನು ಹಿಂದಕ್ಕೆ ಬಿಟ್ಟು ಮಾಡುವ ಕರ್ಲ್‌ನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ, ಯಾಕಂದ್ರೆ ಕೇಬಲ್ ಹಿಂದಿನಿಂದ ಎಳೆಯುತ್ತಲೇ ಇರುತ್ತದೆ. ಒಂದೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಇದರ ಜೊತೆಗೆ ಹ್ಯಾಮರ್ ಕರ್ಲ್ ಇರಲಿ. ಬೈಸೆಪ್ಸ್ ಕೆಳಗೆ ಅಡಗಿರುವ ಬ್ರೇಕಿಯಾಲಿಸ್‌ಗೂ ಮುಂಗೈಗೂ ಅದು ಕೆಲಸ ಕೊಡುತ್ತದೆ.

ಇನ್ನು ವಾರದ ಲೆಕ್ಕ. ತೋಳಿಗೆ ಮೂರು ದಿನ: ಸೋಮವಾರ, ಗುರುವಾರ, ಶನಿವಾರ. ಸೋಮವಾರ, ಗುರುವಾರ ನಿಮ್ಮ ಅಪ್ಪರ್ ಬಾಡಿ ದಿನ, ತೋಳೇ ಮೊದಲು. ಮಂಗಳವಾರ ಕಾಲು ಮಾತ್ರ. ಶನಿವಾರ ಕಾಲು ಮುಗಿಸಿ ಆಮೇಲೆ ತೋಳು.

ಸೋಮವಾರ: ಇನ್‌ಕ್ಲೈನ್ ಡಂಬೆಲ್ ಕರ್ಲ್, ಆಮೇಲೆ ಹ್ಯಾಮರ್ ಕರ್ಲ್. ತಲೆಯ ಮೇಲಿನಿಂದ ಹಗ್ಗ ಹಿಡಿದು ಕೇಬಲ್ ಎಕ್ಸ್‌ಟೆನ್ಷನ್, ಆಮೇಲೆ ಪುಷ್‌ಡೌನ್.
ಗುರುವಾರ: ಪ್ರೀಚರ್ ಕರ್ಲ್, ಆಮೇಲೆ ನಿಂತು ಬಾರ್ಬೆಲ್ ಕರ್ಲ್. ಮಲಗಿ ಮಾಡುವ ಟ್ರೈಸೆಪ್ಸ್ ಎಕ್ಸ್‌ಟೆನ್ಷನ್, ಆಮೇಲೆ ಪುಷ್‌ಡೌನ್.
ಶನಿವಾರ: ಕೇಬಲ್‌ಗೆ ಬೆನ್ನು ಕೊಟ್ಟು ಕರ್ಲ್, ಆಮೇಲೆ ಹ್ಯಾಮರ್ ಕರ್ಲ್. ಒಂದೊಂದೇ ಕೈಯಲ್ಲಿ ತಲೆಯ ಹಿಂದೆ ಡಂಬೆಲ್ ಎಕ್ಸ್‌ಟೆನ್ಷನ್, ಆಮೇಲೆ ಪುಷ್‌ಡೌನ್.

ಸೆಟ್‌ಗಳು ಒಂದೇ ಸಲ ಏರುವುದಿಲ್ಲ. 1, 2ನೇ ವಾರ ದಿನಕ್ಕೆ ಬೈಸೆಪ್ಸ್‌ಗೆ ಮೂರು, ಟ್ರೈಸೆಪ್ಸ್‌ಗೆ ಮೂರು ಸೆಟ್: ಮೊದಲ ವ್ಯಾಯಾಮಕ್ಕೆ ಎರಡು, ಎರಡನೆಯದಕ್ಕೆ ಒಂದು. ಅಂದರೆ ತಲಾ ವಾರಕ್ಕೆ 9. ಇದೇ ನಿಮ್ಮ ಈಗಿನದರ ದುಪ್ಪಟ್ಟಿಗಿಂತ ಜಾಸ್ತಿ, ಮೊದಲ ವಾರ ಮೈ ನೋಯುತ್ತದೆ. 3ರಿಂದ 5ನೇ ವಾರ ಎರಡೆರಡು ಸೆಟ್, ತಲಾ 12. 6, 7ನೇ ವಾರ ಮೂರು ಮತ್ತು ಎರಡು, ತಲಾ 15. ಎಂಟನೇ ವಾರ ಒಂದೊಂದೇ ಸೆಟ್, ತಲಾ ಆರು.

15 ಕಡಿಮೆ ಅನ್ನಿಸಬಹುದು. ಆದರೆ ರೋ, ಪುಲ್‌ಡೌನ್‌ನಲ್ಲಿ ಬೈಸೆಪ್ಸ್ ದುಡಿಯುತ್ತದೆ, ಪ್ರೆಸ್‌ನಲ್ಲಿ ಟ್ರೈಸೆಪ್ಸ್ ದುಡಿಯುತ್ತದೆ. ಅಂಥ ಸೆಟ್‌ಗಳನ್ನು ನಾನು ಅರ್ಧ ಅಂತ ಲೆಕ್ಕ ಹಾಕುತ್ತೇನೆ. ನಿಮಗೆ ವಾರಕ್ಕೆ ಎಂಟು ಎಳೆಯುವ ಸೆಟ್, ಎಂಟು ತಳ್ಳುವ ಸೆಟ್ ಉಳಿಸಿದ್ದೇನೆ. ತಲಾ ನಾಲ್ಕು ಸೇರಿಸಿದರೆ 19 ಆಯ್ತು, ಅಷ್ಟು ಸಾಕು. ಎದೆ, ಬೆನ್ನು, ಕಾಲಿನ ಸೆಟ್ ಕಡಿಮೆ ಮಾಡಿದ್ದಕ್ಕೆ ಹೆದರಬೇಡಿ. ತೂಕ ಇಳಿಸದೆ ಮಾಡಿದರೆ, ಬೆಳೆಸಿದ ಸ್ನಾಯುವನ್ನು ಉಳಿಸಿಕೊಳ್ಳಲು ಬೆಳೆಸುವಾಗಿನಷ್ಟು ಸೆಟ್ ಬೇಕಾಗುವುದಿಲ್ಲ. ತೋಳು ಮೊದಲು ಸುಸ್ತಾಗುವುದರಿಂದ ಬೆಂಚ್ ಪ್ರೆಸ್‌ನಲ್ಲಿ ಒಂದೆರಡು ರೆಪ್ ಕಡಿಮೆಯಾಗುತ್ತದೆ, ಅದು ಸಹಜ. ರೋ ಮಾಡುವಾಗ ಹಿಡಿತ ಜಾರಿದರೆ ಸ್ಟ್ರಾಪ್ ಬಳಸಿ.

ರೆಪ್ಸ್: ಕರ್ಲ್‌ಗಳಿಗೆ 8ರಿಂದ 12, ತಲೆಯ ಮೇಲಿನ ಎಕ್ಸ್‌ಟೆನ್ಷನ್‌ಗೆ 10ರಿಂದ 15, ಪುಷ್‌ಡೌನ್‌ಗೆ 12ರಿಂದ 15. ಇನ್ನು ಒಂದೆರಡು ರೆಪ್ ಆಗಬಹುದು ಅನ್ನುವಾಗ ನಿಲ್ಲಿಸಿ. ಎಲ್ಲಾ ಸೆಟ್‌ನಲ್ಲೂ ಮೇಲಿನ ಸಂಖ್ಯೆ ಮುಟ್ಟಿದರೆ ಮಾತ್ರ ತೂಕ ಏರಿಸಿ, ಜಿಮ್‌ನಲ್ಲಿ ಸಿಗುವ ಅತಿ ಚಿಕ್ಕ ಹೆಜ್ಜೆಯಷ್ಟು. ಕರ್ಲ್ ಒಂದು ಸೆಟ್, ಒಂದು ನಿಮಿಷ ಬಿಟ್ಟು ಎಕ್ಸ್‌ಟೆನ್ಷನ್ ಒಂದು ಸೆಟ್, ಹೀಗೆ ಅದಲು ಬದಲು ಮಾಡಿ. ಒಂದು ದುಡಿಯುವಾಗ ಇನ್ನೊಂದಕ್ಕೆ ಬಿಡುವು.

ಇನ್‌ಕ್ಲೈನ್ ಕರ್ಲ್ ಬಗ್ಗೆ ಒಂದು ಮಾತು, ಯಾಕಂದ್ರೆ ಎಲ್ಲರೂ ಇಲ್ಲೇ ಎಡವುತ್ತಾರೆ. ಬೆಂಚನ್ನು ಸುಮಾರು 60 ಡಿಗ್ರಿಗೆ ಇಡಿ. ತಲೆ, ಬೆನ್ನು ಬೆಂಚಿಗೆ ಅಂಟಿರಲಿ, ಅಂಗೈ ಮುಂದಕ್ಕೆ ನೋಡಲಿ. ಎತ್ತುವಾಗ ಮೊಣಕೈ ಮೆಲ್ಲಗೆ ಮುಂದೆ ಬರುತ್ತದೆ, ಗೊತ್ತೇ ಆಗುವುದಿಲ್ಲ. ಬಂದ ತಕ್ಷಣ ಅದು ಮಾಮೂಲಿ ಕರ್ಲ್ ಆಗಿಬಿಡುತ್ತದೆ. ಪಕ್ಕದಿಂದ ಒಂದು ವಿಡಿಯೋ ಮಾಡಿ ನೋಡಿಕೊಳ್ಳಿ. ಇಳಿಸುವಾಗ ಮೂರು ಸೆಕೆಂಡ್, ಮೊಣಕೈ ನೇರವಾದಾಗ ಒಂದು ಸೆಕೆಂಡ್ ನಿಲ್ಲಿಸಿ, ಆಮೇಲೆ ಎತ್ತಿ. ಈಗ ಕರ್ಲ್‌ಗೆ 12 ಕೆಜಿ ಹಿಡಿಯುತ್ತೀರಿ, ಇಲ್ಲಿ 8 ಕೆಜಿಯಿಂದ ಶುರು ಮಾಡಿ.

ಪ್ರೀಚರ್‌ನಲ್ಲೂ ಹಾಗೇ. ಕೆಳಗೆ ಧಡಕ್ಕನೆ ಬಿಡಬೇಡಿ, ಅಲ್ಲಿ ಸ್ನಾಯುರಜ್ಜುವಿನ ಮೇಲೆ ಎಳೆತ ಜೋರಾಗಿರುತ್ತದೆ. ಮಲಗಿ ಮಾಡುವ ಎಕ್ಸ್‌ಟೆನ್ಷನ್‌ನಲ್ಲಿ ಬಾರ್ ಹಣೆಗೆ ಅಲ್ಲ, ತಲೆಯ ಹಿಂದಕ್ಕೆ ಇಳಿಯಲಿ. ನಾನು ಒಂದು ಕಾಲದಲ್ಲಿ ಹಣೆಗೇ ಇಳಿಸುತ್ತಿದ್ದೆ, ತೂಕವನ್ನೂ ಅವಸರದಲ್ಲಿ ಏರಿಸಿದೆ. ಮೊಣಕೈ ತುದಿ ಎರಡು ತಿಂಗಳು ನೋಯಿತು, ಬಾಗಿಲು ತಳ್ಳಿದರೂ ಚುಚ್ಚುತ್ತಿತ್ತು. ತಲೆಯ ಹಿಂದೆ ತೋಳು ಸ್ವಲ್ಪ ವಾಲಿಸಿ, ಹಗುರ ತೂಕದಲ್ಲಿ 15 ರೆಪ್ ಮಾಡಲು ಶುರು ಮಾಡಿದ ಮೇಲೆ ಸರಿಹೋಯ್ತು. ಸ್ನಾಯು ನೋವು ಬೇರೆ, ಕೀಲಿನ ನೋವು ಬೇರೆ. ಕೀಲು ನೊಂದರೆ ಆ ವ್ಯಾಯಾಮ ಅವತ್ತೇ ಬಿಟ್ಟು ನನಗೆ ಬರೆಯಿರಿ, ಬೇರೆ ಕೊಡುತ್ತೇನೆ.

ಐದನೇ ವಾರದ ಕೊನೆಗೆ ಲಾಗ್ ಕಳಿಸಿ. ತೂಕವೋ ರೆಪ್ಪೋ ಏರುತ್ತಿದ್ದರೆ 15 ಸೆಟ್‌ಗೆ ಹೋಗೋಣ. ಎರಡು ವಾರ ಒಂದೇ ಕಡೆ ನಿಂತಿದ್ದರೆ 12ರಲ್ಲೇ ಇರಿ, ಸೆಟ್ ಏರಿಸುವ ಮೊದಲು ನಿದ್ದೆ, ಊಟ ನೋಡೋಣ. ಟೇಪ್ ಅಳತೆ ಇವತ್ತೊಮ್ಮೆ, ಎಂಟನೇ ವಾರ ಮುಗಿದ ಮೇಲೊಮ್ಮೆ, ಎರಡೂ ಸಲ ಬೆಳಿಗ್ಗೆ ವರ್ಕೌಟ್‌ಗೆ ಮೊದಲು, ಭುಜ ಮತ್ತು ಮೊಣಕೈ ನಡುವಿನ ಅದೇ ಜಾಗದಲ್ಲಿ.