ಹುಟ್ಟುಹಬ್ಬದ ಶುಭಾಶಯ ರೀ!

ನಿಮಗೆ ಇವತ್ತಿಗೆ 40 ತುಂಬಿತು. ಕೇಕ್ ಆಮೇಲೆ, ಮೊದಲು ಇದನ್ನು ನಿಧಾನವಾಗಿ ಓದಿ. ಕೊನೆಯ ಸಾಲಿಗೆ ಕಣ್ಣು ಹಾಯಿಸಬೇಡಿ, ಆಣೆ!

ಶುಕ್ರವಾರ ಆಫೀಸಿನಿಂದ ಬೇಗ ಬನ್ನಿ. ಸೋಮವಾರಕ್ಕೂ ರಜೆ ಹಾಕಿ. ಬ್ಯಾಗ್ ನಾನೇ ತುಂಬಿಟ್ಟಿದ್ದೇನೆ. ಬಿಚ್ಚಿ ನೋಡಿದರೆ ಸ್ವೆಟರ್, ರೇನ್‌ಕೋಟ್, ಕೊಡೆ ಸಿಗುತ್ತವೆ; ಊರಿನ ಹೆಸರು ಸಿಗುವುದಿಲ್ಲ.

ರಾತ್ರಿ ರೈಲು. ಕಿಟಕಿ ಪಕ್ಕದ ಜಾಗ ನಿಮಗೇ. ಬೆಳಗ್ಗೆ ಹಳಿ ಮುಗಿಯುವ ಊರಿನಲ್ಲಿ ಇಳಿಯುತ್ತೇವೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ನಾಲ್ವರು ಕಾಯುತ್ತಿದ್ದಾರೆ.

ಒಬ್ಬ ಗರ್ಜಿಸುತ್ತಾನೆ.
ಒಬ್ಬ ಬಾಣದ ಹಾಗೆ ಚಿಮ್ಮುತ್ತಾನೆ.
ಒಬ್ಬಳು ಬಂಡೆ ಬಳಸಿ ಬಳುಕುತ್ತಾ ಇಳಿಯುತ್ತಾಳೆ.
ಇನ್ನೊಬ್ಬನದು 253 ಮೀಟರ್ ಎತ್ತರದಿಂದ ಒಂದೇ ಧುಮುಕು.

ಗೊತ್ತಾಯಿತಾ?

ರೋರರ್, ರಾಕೆಟ್, ರಾಣಿ, ರಾಜ. ಹೌದು ರೀ, ಜೋಗ! ಮಳೆಗಾಲದ, ತುಂಬಿದ ಜೋಗ!

ಏಳನೇ ಕ್ಲಾಸಿನಲ್ಲಿ ಜ್ವರ ಬಂದು ಆ ಪ್ರವಾಸ ತಪ್ಪಿಹೋಯಿತು ಅಂತ ಮದುವೆಯಾದ ವರ್ಷ ಹೇಳಿದ್ದಿರಿ. ಅವತ್ತು ನಿಮ್ಮ ಮುಖ ಹೇಗಿತ್ತು ಅನ್ನೋದು ನನಗಿನ್ನೂ ನೆನಪಿದೆ.

ಮಕ್ಕಳು ಅಮ್ಮನ ಹತ್ತಿರ ಇರುತ್ತಾರೆ. ಹೋಗುವುದು ನಾವಿಬ್ಬರೇ. ಟಿಕೆಟ್ ಈ ಕಾರ್ಡಿನ ಹಿಂದೆಯೇ ಅಂಟಿಸಿದ್ದೇನೆ, ಈಗ ತಿರುಗಿಸಿ!

ನಿಮ್ಮವಳು